ಪೈಲ್ ಪಾಸಾಗಿದೆ ನಿಜ, ಕೋಷ್ಟಕವನ್ನೂ ಸ್ವಲ್ಪ ಓದೋಣ

ಕಟ್ಟಡದ ಭಾರವನ್ನು ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬವೇ ಪೈಲ್. ಅದರ ಮೇಲೆ ಭಾರ ಹೇರಿ ಎಷ್ಟು ಇಳಿಯುತ್ತದೆ ಅಂತ ನೋಡುವ ಲೋಡ್ ಟೆಸ್ಟಿನ ವರದಿ ಕೈಗೆ ಬಂದರೆ ಎಲ್ಲರೂ ಮೊದಲು ಕೊನೆಯ ಪುಟ ತಿರುಗಿಸುತ್ತಾರೆ. ಕುಮಟಾ ಕಡೆಯ ಒಬ್ಬ ಮಾಲೀಕರು ಫೋನಿನಲ್ಲಿ ಓದಿ ಹೇಳಿದ್ದೂ ಅದನ್ನೇ: "ಒಟ್ಟು ಇಳಿತ 8.94 ಮಿಮೀ ಅಂತ ಬರೆದಿದ್ದಾರೆ ಸರ್. ಹನ್ನೆರಡರ ಒಳಗೇ ಇದೆಯಲ್ಲ, ಪಾಸ್ ಅಲ್ವಾ?" ಪಾಸೇ. ಆದರೂ ಪೂರ್ತಿ ವರದಿ ಕಳಿಸಿ ಎಂದೆ.

ಜಾಗ ಅಘನಾಶಿನಿ ದಂಡೆಯ ಹಳೇ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಮೇಲೆ ಕೆಂಪು ಮಣ್ಣು ಸುರಿದು ಎತ್ತರಿಸಿದ್ದಾರೆ, ಅದರ ಕೆಳಗೆ ಮೆತ್ತಗಿನ ಕಪ್ಪು ಕೆಸರು, ಇನ್ನೂ ಕೆಳಗೆ ಕಲ್ಲು. ಪೈಲಿನ ವ್ಯಾಸ 600 ಮಿಮೀ, ಉದ್ದ 18 ಮೀಟರ್, ಬುಡ ಕಲ್ಲಿನ ಮೇಲೆ. ಹೊರಬೇಕಾದ ಭಾರ 100 ಟನ್. ಕಟ್ಟಡಕ್ಕೇ ಬಳಸುವ ಪೈಲ್ ಆದ್ದರಿಂದ ಇದು ರೊಟೀನ್ ಟೆಸ್ಟ್, ಅಂದರೆ ಒಂದೂವರೆ ಪಟ್ಟು, 150 ಟನ್ ಹೇರಬೇಕು. ಪೈಲ್ ಕುರಿತ ಭಾರತೀಯ ಸಂಹಿತೆ ಐಎಸ್ 2911ರ ನಾಲ್ಕನೇ ಭಾಗದ ಪ್ರಕಾರ 600 ಮಿಮೀವರೆಗಿನ ಪೈಲ್ ಆ ಭಾರಕ್ಕೆ 12 ಮಿಮೀಗಿಂತ ಜಾಸ್ತಿ ಇಳಿಯಬಾರದು. ಅದಕ್ಕಿಂತ ದಪ್ಪ ಪೈಲಿಗೆ 18 ಮಿಮೀ ಅಥವಾ ವ್ಯಾಸದ ಶೇ 2, ಎರಡರಲ್ಲಿ ಕಡಿಮೆ ಇದ್ದದ್ದು. ಕಟ್ಟಡಕ್ಕೆ ಬಳಸದ, ಪರೀಕ್ಷೆಗೆಂದೇ ಹಾಕಿದ ಪೈಲಿನ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

ಇಳಿತದ ಅಂಕಿ ನೋಡುವ ಮೊದಲು ಅದನ್ನು ಅಳೆದದ್ದು ಹೇಗೆ ಅಂತ ನೋಡಬೇಕು. ಡಯಲ್ ಗೇಜ್ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ತೋರಿಸುತ್ತದೆ. ಆದರೆ ಅದು ಕೂತಿರುವುದು ಪೈಲಿಗೆ ತಾಗದಂತೆ ನೆಲದಲ್ಲಿ ನಿಲ್ಲಿಸಿದ ಕಂಬಿಯ ಮೇಲೆ, ಅದೇ ಡೇಟಮ್ ಬಾರ್. ಬಾರ್ ಅಲುಗಿದರೆ ಪೈಲೇ ಅಲುಗಿದಂತೆ ಕಾಣುತ್ತದೆ. ಬಾರಿನ ಕಾಲು ಪೈಲಿನ ಅಂಚಿನಿಂದ ವ್ಯಾಸದ ಮೂರು ಪಟ್ಟು ದೂರ ಇರಬೇಕು, ಇಲ್ಲಿ 1.8 ಮೀಟರ್. ಗಜನಿಯಲ್ಲಿ ಇದು ಸುಮ್ನೆ ಬರೆದ ನಿಯಮ ಅಲ್ಲ. 150 ಟನ್ ಪರೀಕ್ಷೆಗೆ ಪೈಲಿನ ಮೇಲಿನ ಅಟ್ಟಣಿಗೆಯಲ್ಲಿ ಸುಮಾರು 190 ಟನ್ ಮರಳು ಚೀಲ ಪೇರಿಸಿರುತ್ತಾರೆ. ಪೈಲ್ ಮತ್ತು ಅಟ್ಟಣಿಗೆಯ ನಡುವಿನ ಜ್ಯಾಕ್ ಎತ್ತುತ್ತಾ ಹೋದ ಹಾಗೆ ಆ ಭಾರ ನೆಲ ಬಿಟ್ಟು ಪೈಲಿಗೆ ಬರುತ್ತದೆ, ಒತ್ತಿ ಹೋಗಿದ್ದ ನೆಲ ಮೇಲೇಳುತ್ತದೆ. ಬಾರಿನ ಕಾಲು ಹತ್ತಿರವಿದ್ದರೆ ಅದೂ ನೆಲದ ಜೊತೆ ಏಳುತ್ತದೆ, ಪೈಲ್ ಇದ್ದದ್ದಕ್ಕಿಂತ ಹೆಚ್ಚು ಇಳಿದಂತೆ ಲೆಕ್ಕ ಬರುತ್ತದೆ. ಈ ವರದಿಯ ಫೋಟೋದಲ್ಲಿ ಕಾಲು ದೂರವೇ ಇತ್ತು, ಮೇಲೆ ತಾಡಪಾಲು ಹೊದೆಸಿದ್ದರು. ಬಿಸಿಲಿಗೆ ಬಾರ್ ಬಾಗುತ್ತದೆ ಅನ್ನುವುದು ಗೊತ್ತಿದ್ದವರ ಕೆಲಸ.

ಇಪ್ಪತ್ನಾಲ್ಕು ತಾಸು ಭಾರ ಹಿಡಿದಿಟ್ಟಾಗಿನ ಪುಟವನ್ನೂ ಬಿಡಬಾರದು. ರಾತ್ರಿ ಜ್ಯಾಕಿನ ಒತ್ತಡ ನಿಧಾನಕ್ಕೆ ಇಳಿಯುತ್ತದೆ. ಯಾರೂ ಪಂಪ್ ಮಾಡದಿದ್ದರೆ ಭಾರವೇ ಕಡಿಮೆಯಾಗಿ, ಇಳಿತ ನಿಂತಿದೆ ಅಂತ ಕಾಣುತ್ತದೆ. ಅದಕ್ಕೇ ಪ್ರತಿ ಓದಿನ ಪಕ್ಕ ಒತ್ತಡದ ಅಂಕಿಯೂ ಬೇಕು. ಇಲ್ಲಿ ಇತ್ತು. ಮತ್ತೆ ಎಲ್ಲ ಹಂತದಲ್ಲೂ ಅಚ್ಚುಕಟ್ಟಾಗಿ 0.40, 0.80, 1.20 ಅಂತ ಏರುವ ವರದಿ ಬಂದರೆ ನನಗೆ ಅದು ಸೈಟಿನಲ್ಲಿ ಬರೆದದ್ದು ಅನ್ನಿಸುವುದಿಲ್ಲ. ಇದು ಹಾಗಿರಲಿಲ್ಲ. ನಾಲ್ಕು ಗೇಜುಗಳ ಕೊನೆಯ ಓದು 8.20, 8.60, 9.40, 9.56, ಸರಾಸರಿ 8.94. ಪೈಲಿನ ತಲೆ ಸ್ವಲ್ಪ ವಾಲಿದೆ, ಅಷ್ಟೇ.

ಅಳತೆ ನಂಬಬಹುದು ಅಂತಾದ ಮೇಲೆ ಇಳಿತಕ್ಕೆ ಬಂದೆ. 80 ಟನ್‌ಗೆ 1.92 ಮಿಮೀ. 100ಕ್ಕೆ 3.05. ಅಲ್ಲಿಂದ 120ಕ್ಕೆ ಹೋಗುವಾಗ ಒಮ್ಮೆಲೇ 6.10. ಆಮೇಲೆ 140ಕ್ಕೆ 8.05, 150ಕ್ಕೆ 8.62. ಒಂದು ದಿನ ಹಿಡಿದಿಟ್ಟ ಮೇಲೆ 8.94.

100ರಿಂದ 120ರ ನಡುವಿನ ಜಿಗಿತ ನೋಡಿ. ಇಪ್ಪತ್ತು ಟನ್‌ಗೆ ಮೂರು ಮಿಲಿಮೀಟರು. ಪೈಲ್ ನಿಜಕ್ಕೂ ಸೋಲುತ್ತಿದ್ದರೆ ಮುಂದಿನ ಹಂತದಲ್ಲಿ ಇನ್ನೂ ಜಾಸ್ತಿ ಇಳಿಯಬೇಕಿತ್ತು. ಇಲ್ಲಿ ಕಡಿಮೆಯಾಗಿದೆ: ಮುಂದಿನ ಇಪ್ಪತ್ತಕ್ಕೆ 1.95, ಕೊನೆಯ ಹತ್ತಕ್ಕೆ 0.57. ಗೆರೆ ಒಮ್ಮೆ ಕುಸಿದು ಮತ್ತೆ ಚಪ್ಪಟೆಯಾಗಿದೆ. ಅಂದರೆ ಪಕ್ಕದ ಮಣ್ಣಿನ ಹಿಡಿತ ಸಡಿಲವಾದ ಕೂಡಲೇ ಬುಡ ಯಾವುದೋ ಮೆತ್ತಗಿನದನ್ನು ಒತ್ತಿಕೊಂಡು ಹೋಗಿ ಗಟ್ಟಿ ಕಲ್ಲಿಗೆ ತಾಗಿದೆ.

ಭಾರ ಇಳಿಸಿದ ಮೇಲಿನ ಅಂಕಿಯೂ ಅದನ್ನೇ ಹೇಳುತ್ತದೆ. ಪೈಲ್ ಮರಳಿ ಮೇಲೆ ಬಂದದ್ದು 2.82 ಮಿಮೀ. ಉಳಿದ 6.12 ಹೋದದ್ದು ಹೋಯಿತು. 18 ಮೀಟರಿನ ಎಂ30 ದರ್ಜೆಯ ಕಾಂಕ್ರೀಟ್ ಕಂಬವೊಂದು 150 ಟನ್‌ಗೆ ತಾನೇ ಸುಮಾರು 3.4 ಮಿಮೀ ಕುಗ್ಗುತ್ತದೆ. ಪಕ್ಕದ ಮಣ್ಣು ಒಂದಷ್ಟು ಭಾರ ಹೊರುವುದರಿಂದ ಸ್ವಲ್ಪ ಕಡಿಮೆ ಬರುತ್ತದೆ. ಹಾಗಾಗಿ 2.82 ಸಹಜ, ಕಾಂಕ್ರೀಟ್ ಕುಗ್ಗಿ ಹಿಗ್ಗಿದ್ದು. ಆದರೆ ಕಲ್ಲಿನ ಮೇಲೆ ಕೂತ ಪೈಲಿಗೆ ಆರು ಮಿಲಿಮೀಟರಿನ ಶಾಶ್ವತ ಇಳಿತ ಯಾಕೆ?

ಪ್ರತಿ ಪೈಲ್ ಹಾಕಿದ ದಾಖಲೆ ಇರುವ ಪೈಲ್ ರಿಜಿಸ್ಟರ್ ತರಿಸಿದೆ. ಆ ಗುಂಡಿಯ ತಳ ತೊಳೆಯುವ ಕೊನೆಯ ಫ್ಲಶಿಂಗ್ ಸಂಜೆ ಐದಕ್ಕೆ ಮುಗಿದಿದೆ. ಕಾಂಕ್ರೀಟ್ ಲಾರಿ ಹೆದ್ದಾರಿಯಲ್ಲಿ ಸಿಕ್ಕಿಬಿದ್ದು ಟ್ರೆಮಿ ಅನ್ನುವ ಉದ್ದ ಕೊಳವೆಯಲ್ಲಿ ಸುರಿಯಲು ಶುರುವಾಗಿದ್ದು ರಾತ್ರಿ ಎಂಟೂವರೆಗೆ. ನಡುವೆ ಮತ್ತೆ ಫ್ಲಶ್ ಮಾಡಿದ್ದಕ್ಕೆ ದಾಖಲೆ ಇಲ್ಲ, ಸುರಿಯುವ ಮುಂಚೆ ಹಗ್ಗಕ್ಕೆ ತೂಕ ಕಟ್ಟಿ ಆಳ ಅಳೆದದ್ದೂ ಇಲ್ಲ. ಮೂರೂವರೆ ತಾಸಿನಲ್ಲಿ, ಗುಂಡಿ ಕುಸಿಯದಂತೆ ತುಂಬಿದ ಬೆಂಟೊನೈಟ್ ಜೇಡಿಯ ನೀರಿನಲ್ಲಿ ತೇಲುತ್ತಿದ್ದ ಮರಳು, ಕಲ್ಲುಪುಡಿ ಎಲ್ಲ ತಳಕ್ಕೆ ಕೂತಿರುತ್ತದೆ. ಅದರ ಮೇಲೆ ಕಾಂಕ್ರೀಟ್ ಬಿದ್ದಿದೆ. ಕಾಂಕ್ರೀಟಿನ ನಡುವೆಯೇ ದೋಷ ಇರಬಹುದಲ್ಲ ಅಂತ ಕೇಳಬಹುದು. ಸುತ್ತಿಗೆ ಹೊಡೆದು ನೋಡುವ ಇಂಟೆಗ್ರಿಟಿ ಟೆಸ್ಟ್‌ನಲ್ಲಿ ಅಂಥದ್ದೇನೂ ಕಾಣಲಿಲ್ಲ.

ಈ ಪೈಲಿನ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಪರೀಕ್ಷೆಯೇ ಅದರ ಬುಡದ ಕೆಸರನ್ನು ಒತ್ತಿ ಗಟ್ಟಿ ಮಾಡಿದೆ. ಚಿಂತೆ ಇದ್ದದ್ದು 150 ಟನ್ ಕಾಣದ ಉಳಿದವುಗಳ ಬಗ್ಗೆ. ಅಲ್ಲಿದ್ದದ್ದು 64 ಪೈಲ್, ಪರೀಕ್ಷೆ ಆದದ್ದು ಒಂದು. ಒಟ್ಟು ಪೈಲುಗಳ ಶೇ 0.5, ಬೇಕಿದ್ದರೆ ಶೇ 2ರವರೆಗೆ ಅನ್ನುತ್ತದೆ ಸಂಹಿತೆ, ಹಾಗಾಗಿ ಲೆಕ್ಕಕ್ಕೆ ಒಂದು ಸಾಕು. ಆದರೆ ರಿಜಿಸ್ಟರ್ ಹುಡುಕಿದರೆ ಇನ್ನೂ ಏಳು ಪೈಲಿಗೆ ಫ್ಲಶಿಂಗ್ ಮತ್ತು ಕಾಂಕ್ರೀಟಿನ ನಡುವೆ ಅಷ್ಟೇ ಹೊತ್ತು ಕಳೆದಿತ್ತು. ಅದರಲ್ಲಿ ಅತಿ ಹೆಚ್ಚು ತಡವಾದದ್ದನ್ನು ಆರಿಸಿ ಟೆಸ್ಟ್ ಮಾಡಿ ಎಂದೆ. ಗುತ್ತಿಗೆದಾರರಿಗೆ ಸಿಟ್ಟು ಬಂತು, ಪಾಸಾದ ಮೇಲೆ ಮತ್ಯಾಕೆ ಅಂತ. ಮರಳು ಚೀಲ ಮತ್ತೆ ಪೇರಿಸುವ ಖರ್ಚು ಸಣ್ಣದಲ್ಲ, ಅವರ ಮಾತೂ ಸುಳ್ಳಲ್ಲ. ಎರಡನೇ ಪೈಲ್ 140 ಟನ್‌ಗೇ 12 ಮಿಮೀ ದಾಟಿತು. ಕೊನೆಗೆ ಆ ಏಳಕ್ಕೂ ಭಾರ ಕಡಿಮೆ ಮಾಡಿ, ಪೈಲುಗಳ ತಲೆಗಳನ್ನು ಒಟ್ಟಿಗೆ ಹಿಡಿಯುವ ಆಯಾ ಪೈಲ್ ಕ್ಯಾಪುಗಳಲ್ಲಿ ಹೆಚ್ಚುವರಿ ಪೈಲ್ ಸೇರಿಸಬೇಕಾಯಿತು.

ವರದಿ ಎಷ್ಟೇ ಚೆನ್ನಾಗಿದ್ದರೂ ಹೇಳದ ಒಂದು ವಿಷಯ ನಮ್ಮ ಕರಾವಳಿಯಲ್ಲಿ ಮುಖ್ಯ. ಪರೀಕ್ಷೆಯ ಆ ಒಂದೆರಡು ದಿನ ಗಜನಿಯ ಕೆಸರು ಪೈಲನ್ನು ಪಕ್ಕದಿಂದ ಹಿಡಿದು ಮೇಲೆತ್ತಿ ನಿಲ್ಲಿಸುತ್ತದೆ. ಆದರೆ ಹೊಸದಾಗಿ ಸುರಿದ ಮಣ್ಣಿನ ಭಾರಕ್ಕೆ ಅದೇ ಕೆಸರು ವರ್ಷಗಟ್ಟಲೆ ಕುಗ್ಗುತ್ತಾ ಹೋಗುತ್ತದೆ, ಆಗ ಪೈಲನ್ನೂ ಕೆಳಗೆ ಎಳೆಯುತ್ತದೆ. ಪರೀಕ್ಷೆಯಲ್ಲಿ ಸಹಾಯ ಮಾಡಿದ್ದು ಆಮೇಲೆ ಹೊರೆಯಾಗುತ್ತದೆ. ಆದ್ದರಿಂದ ಮಣ್ಣು ತುಂಬಿದ ಜಾಗದಲ್ಲಿ ಕಟ್ಟಡದ ಭಾರದ ಒಂದೂವರೆ ಪಟ್ಟು ಹೇರಿದರೆ ಸಾಲದು. ಈ ಎಳೆತ ಎಷ್ಟು ಟನ್ ಬರಬಹುದು ಅಂತ ವಿನ್ಯಾಸಕಾರರು ಮೊದಲೇ ಲೆಕ್ಕ ಹಾಕಿ, ಪರೀಕ್ಷಾ ಭಾರಕ್ಕೂ ಸೇರಿಸಿ ಬರೆದುಕೊಡಬೇಕು. ಮರಳು ಚೀಲ ಎಷ್ಟು ತರಿಸಬೇಕು ಅನ್ನುವುದು ಅದಾದ ಮೇಲಿನ ಮಾತು.