ಫಿಲ್ಲಿಂಗ್ ಕೆಳಗೆ ಕಪ್ಪು ಕಾಣಿಸಿದರೆ ಅದು ಹುಳುಕೇನಾ, ಕೀವೇನಾ?

ಪ್ರಶ್ನೆ: ಕೆಳಗಿನ ದವಡೆ ಹಲ್ಲಿಗೆ ಕೆಲವು ವರ್ಷದ ಹಿಂದೆ ಸಿಲ್ವರ್ ಫಿಲ್ಲಿಂಗ್ ಮಾಡಿಸಿದ್ದೆ. ಮೊನ್ನೆ ಎಕ್ಸ್‌ರೇ ತೆಗೆದ ಡಾಕ್ಟರು ಫಿಲ್ಲಿಂಗ್ ಕೆಳಗೆ ಕಪ್ಪಗಿದೆ, ಬೇರಿನ ತುದಿಯಲ್ಲೂ ಸ್ವಲ್ಪ ಕಪ್ಪಿದೆ, ರೂಟ್ ಕೆನಾಲ್ ಬೇಕಾಗಬಹುದು ಅಂದರು. ನನಗೆ ನೋವೇ ಇಲ್ಲ. ಕಪ್ಪು ಕಂಡ ಮಾತ್ರಕ್ಕೆ ಇಷ್ಟೆಲ್ಲಾ ಮಾಡಿಸಬೇಕಾ?

ಉತ್ತರ: ಕಪ್ಪು ಕಂಡ ಮಾತ್ರಕ್ಕೆ ಬೇಡ. ಆದರೆ ನೋವಿಲ್ಲ ಅನ್ನುವ ಒಂದೇ ಕಾರಣಕ್ಕೆ ಸುಮ್ನೆ ಬಿಡುವ ಹಾಗೂ ಇಲ್ಲ. ನಿಮ್ಮ ಎಕ್ಸ್‌ರೇಯಲ್ಲಿ ಎರಡು ಬೇರೆ ಬೇರೆ ಕಪ್ಪುಗಳಿವೆ. ಒಂದು ಫಿಲ್ಲಿಂಗ್ ಕೆಳಗೆ ಹಲ್ಲಿನೊಳಗೆ, ಇನ್ನೊಂದು ಬೇರಿನ ತುದಿಯಲ್ಲಿ ಮೂಳೆಯೊಳಗೆ. ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಎಕ್ಸ್‌ರೇಯಲ್ಲಿ ಗಟ್ಟಿ ವಸ್ತು ಬಿಳಿಯಾಗಿ, ಖನಿಜ ಕಡಿಮೆಯಾದ ಜಾಗ ಕಪ್ಪಾಗಿ ಕಾಣುತ್ತದೆ. ಸಿಲ್ವರ್ ಫಿಲ್ಲಿಂಗ್ ಲೋಹವಾದ್ದರಿಂದ ಹೊಳೆಯುವ ಬಿಳಿ. ಹಲ್ಲಿನ ಹೊರಪದರ ಎನಾಮೆಲ್ ಅದಕ್ಕಿಂತ ಮಬ್ಬು, ಒಳಗಿನ ಡೆಂಟಿನ್ ಬೂದು, ನರ ಇರುವ ಜಾಗ ಕಪ್ಪು. ಹುಳುಕು ಹಲ್ಲಿನ ಖನಿಜವನ್ನು ಕರಗಿಸುವುದರಿಂದ ಅದೂ ಕಪ್ಪೇ. ಆದರೆ ಸುಮಾರು ಮೂರನೇ ಒಂದು ಭಾಗದಷ್ಟು ಖನಿಜ ಕರಗುವ ತನಕ ಎಕ್ಸ್‌ರೇಯಲ್ಲಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ನಿಜವಾದ ಹುಳುಕು ಸಾಮಾನ್ಯವಾಗಿ ಚಿತ್ರದಲ್ಲಿ ಕಾಣುವುದಕ್ಕಿಂತ ಒಂದಿಷ್ಟು ಜಾಸ್ತಿಯೇ ಇರುತ್ತದೆ.

ಹಳೆಯ ಫಿಲ್ಲಿಂಗ್ ಜೊತೆ ಹೊಸದಾಗಿ ಬರುವ ಹುಳುಕಿಗೆ ಇಷ್ಟದ ಜಾಗವೊಂದಿದೆ. ಪಕ್ಕದ ಹಲ್ಲಿಗೆ ತಾಗುವ ಕಡೆ, ಫಿಲ್ಲಿಂಗ್ ಒಸಡಿನ ಹತ್ತಿರ ಮುಗಿಯುವ ಅಂಚು. ಅಲ್ಲಿ ಬ್ರಷ್ ತಲುಪುವುದು ಕಷ್ಟ, ಅಂಚು ಸ್ವಲ್ಪ ಬಿಟ್ಟುಕೊಂಡರೂ ನಮಗೆ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ಆ ಮೂಲೆಯಿಂದ ಶುರುವಾಗಿ ಒಳಕ್ಕೆ ಹರಡುವ, ಅಂಚು ಮಸುಕಾದ ಕಪ್ಪು ಕಂಡರೆ ಹುಳುಕಿನ ಅನುಮಾನ ಬಲವಾಗುತ್ತದೆ.

ಫಿಲ್ಲಿಂಗ್ ತಳದುದ್ದಕ್ಕೂ ಒಂದೇ ದಪ್ಪದ, ಗೆರೆ ಎಳೆದ ಹಾಗೆ ಚೊಕ್ಕ ಅಂಚಿರುವ ಕಪ್ಪಾದರೆ ಕಥೆ ಬೇರೆ. ಫಿಲ್ಲಿಂಗ್ ಹಾಕುವ ಮೊದಲು ಕೆಳಗೆ ಹಚ್ಚುವ ಕೆಲವು ಹಳೆಯ ಲೈನಿಂಗ್ ಮದ್ದುಗಳು, ಹಲ್ಲಿನ ಬಣ್ಣದ ಫಿಲ್ಲಿಂಗ್ ಅಂಟಿಸುವ ದ್ರವ ಒಂದು ಕಡೆ ನಿಂತು ಗಟ್ಟಿಯಾದದ್ದು, ಇವೆಲ್ಲಾ ಹೀಗೇ ಕಾಣುತ್ತವೆ. ಇನ್ನೊಂದು ಸಾಧ್ಯತೆಯೂ ಇದೆ. ಹುಳುಕು ತುಂಬಾ ಆಳವಾಗಿದ್ದಾಗ ನರ ತೆರೆದುಕೊಳ್ಳಬಾರದು ಅಂತ ಕೆಳಗಿನ ಮೆತ್ತಗಿನ ಪದರವನ್ನು ಬೇಕೆಂದೇ ಉಳಿಸಿ, ಮೇಲೆ ಬಿಗಿಯಾಗಿ ಫಿಲ್ಲಿಂಗ್ ಹಾಕುವುದು ಈಗ ಒಪ್ಪಿತ ಪದ್ಧತಿ. ಆ ಪದರ ಎಕ್ಸ್‌ರೇಯಲ್ಲಿ ಕಪ್ಪಾಗಿಯೇ ಉಳಿಯಬಹುದು. ಅದಕ್ಕೇ ಫಿಲ್ಲಿಂಗ್ ಹಾಕಿದ ಸಮಯದ ಹಳೆಯ ಎಕ್ಸ್‌ರೇ ಸಿಕ್ಕರೆ ಹುಡುಕಿ ತೆಗೆದುಕೊಂಡು ಹೋಗಿ. ಆಗಲೂ ಅಷ್ಟೇ ಕಪ್ಪಿದ್ದು ಈಗಲೂ ಅಷ್ಟೇ ಇದ್ದರೆ ಒಂದು ಅರ್ಥ, ಬೆಳೆದಿದ್ದರೆ ಇನ್ನೊಂದು.

ಕಣ್ಣಿನ ಮೋಸವೂ ಇದೆ. ತೀರಾ ಬಿಳಿ ಜಾಗದ ಪಕ್ಕ ನಮ್ಮ ಕಣ್ಣು ಇಲ್ಲದ ಕಪ್ಪು ಪಟ್ಟಿಯೊಂದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಫಿಲ್ಲಿಂಗಿನ ಬಿಳಿ ಭಾಗವನ್ನು ಒಂದು ಕಾಗದದ ತುಂಡಿನಿಂದ ಮುಚ್ಚಿ ನೋಡಿ. ಕಪ್ಪು ಮಾಯವಾದರೆ ಅದು ಹುಳುಕಲ್ಲ, ಕಣ್ಣಿನ ಆಟ.

ಈಗ ಬೇರಿನ ತುದಿಯ ವಿಷಯ. ನನ್ನ ಪ್ರಕಾರ ನಿಮ್ಮ ವಿಷಯದಲ್ಲಿ ಹೆಚ್ಚು ಮುಖ್ಯವಾದದ್ದು ಇದೇ. ಹುಳುಕು ನರದವರೆಗೆ ಹೋಗಿ ನರ ಸತ್ತರೆ, ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಹೊರಗಿನ ಮೂಳೆಯನ್ನು ಕೆಣಕುತ್ತದೆ. ಆರೋಗ್ಯವಾದ ಬೇರಿನ ಸುತ್ತ ಒಂದು ತೆಳು ಕಪ್ಪು ಗೆರೆ, ಅದರಾಚೆ ಒಂದು ತೆಳು ಬಿಳಿ ಗೆರೆ ಕಾಣುತ್ತದೆ. ಸೋಂಕು ಶುರುವಾದಾಗ ತುದಿಯ ಹತ್ತಿರ ಆ ಕಪ್ಪು ಗೆರೆ ಅಗಲವಾಗುತ್ತದೆ, ಬಿಳಿ ಗೆರೆ ಅಳಿಸಿಹೋಗುತ್ತದೆ. ಆಮೇಲೆ ಬೇರಿನ ತುದಿಗೆ ನೇತುಬಿದ್ದ ಹನಿಯ ಹಾಗೆ ದುಂಡಗಿನ ಕಪ್ಪು ಮೂಡುತ್ತದೆ.

ಆದರೆ ಆ ದುಂಡು ಕಪ್ಪು ಅಂದರೆ ಅಲ್ಲಿ ಕೀವು ತುಂಬಿದೆ ಅಂತ ಅಲ್ಲ. ಅಲ್ಲಿ ಮೂಳೆ ಕರಗಿದೆ ಅಂತ ಅಷ್ಟೇ. ಒಳಗಿರುವುದು ಕೀವೋ, ಸೋಂಕಿಗೆ ಬೆಳೆದ ಮಾಂಸದ ಗಂಟೋ, ನೀರುಗುಳ್ಳೆಯೋ ಅನ್ನುವುದನ್ನು ಎಕ್ಸ್‌ರೇ ನೋಡಿ ಹೇಳಲಾಗದು. ಇದರ ಉಲ್ಟಾ ಕೂಡ ನಿಜ: ರಾತ್ರಿಯಿಡೀ ನಿದ್ದೆಗೆಡಿಸುವ ಹೊಸ ಕೀವಿನ ಹಲ್ಲಿನ ಎಕ್ಸ್‌ರೇ ಬಹುತೇಕ ಸರಿಯಾಗಿಯೇ ಕಾಣಬಹುದು, ಯಾಕೆಂದರೆ ಮೂಳೆ ಕರಗಲು ಸಮಯ ಬೇಕು. ನಿಧಾನವಾಗಿ ಬೆಳೆದ ಸೋಂಕಿನಲ್ಲಿ ನೋವೇ ಇರದಿರಬಹುದು, ಅದರಲ್ಲೂ ಒಸಡಿನ ಮೇಲೆ ಚಿಕ್ಕ ಮೊಡವೆಯಂಥದ್ದು ಎದ್ದು ಆಗಾಗ ಸೋರುತ್ತಿದ್ದರೆ. ನೋವಿಲ್ಲ ಅಂತ ಸಮಾಧಾನ ಪಡುವ ಹಾಗಿಲ್ಲ ಅಂದದ್ದು ಇದಕ್ಕೇ.

ಹಾಗಾದರೆ ತೀರ್ಮಾನ ಹೇಗೆ? ನರ ಬದುಕಿದೆಯಾ ಅಂತ ನೋಡಬೇಕು, ಅದನ್ನು ಎಕ್ಸ್‌ರೇ ಹೇಳುವುದಿಲ್ಲ. ಡಾಕ್ಟರು ತುಂಬಾ ತಣ್ಣಗೆ ಮಾಡಿದ ಹತ್ತಿಯುಂಡೆಯನ್ನು ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ, ಆಮೇಲೆ ನಿಮ್ಮ ಹಲ್ಲಿಗೆ ಮುಟ್ಟಿಸುತ್ತಾರೆ. ನಿಮ್ಮ ಹಲ್ಲಿಗೂ ಜುಮ್ ಅಂದು ಕೆಲವೇ ಸೆಕೆಂಡಿನಲ್ಲಿ ನಿಂತರೆ, ಕುಟ್ಟಿದಾಗ ನೋವಿಲ್ಲದಿದ್ದರೆ, ನರ ಬಹುಶಃ ಬದುಕಿದೆ. ಆಗ ಹಳೆಯ ಫಿಲ್ಲಿಂಗ್ ತೆಗೆದು, ಹುಳುಕು ಸ್ವಚ್ಛ ಮಾಡಿ, ಹೊಸದು ಹಾಕಿದರೆ ಸಾಕಾಗಬಹುದು. ತಣ್ಣಗಿನದು ಗೊತ್ತೇ ಆಗದೆ, ಕುಟ್ಟಿದಾಗ ಆ ಹಲ್ಲು ಮಾತ್ರ ಬೇರೆ ಥರ ಅನ್ನಿಸಿ, ಕಪ್ಪೂ ಬೇರಿನ ತುದಿಗೇ ಅಂಟಿಕೊಂಡಿದ್ದರೆ, ರೂಟ್ ಕೆನಾಲ್ ಅಥವಾ ಹಲ್ಲು ಕೀಳಿಸುವುದು, ಎರಡೇ ದಾರಿ. ಆ್ಯಂಟಿಬಯೋಟಿಕ್ ಮಾತ್ರೆಯಿಂದ ಇದು ವಾಸಿಯಾಗದು, ಸತ್ತ ನರದೊಳಗೆ ರಕ್ತವೇ ಹರಿಯದಿದ್ದರೆ ಔಷಧಿ ತಲುಪುವುದಾದರೂ ಹೇಗೆ?

ತುದಿಯ ಕಪ್ಪೂ ಮೋಸ ಮಾಡಬಹುದು. ಕೆಳಗಿನ ಸಾಲಿನಲ್ಲಿ ದವಡೆ ಹಲ್ಲಿಗಿಂತ ಮುಂದಿರುವ ಚಿಕ್ಕ ಹಲ್ಲುಗಳ ಬೇರಿನ ಹತ್ತಿರ ನರ ಹೊರಬರುವ ರಂಧ್ರವೊಂದಿದೆ, ಅದೂ ದುಂಡಗೆ ಕಪ್ಪಾಗಿ ಕಾಣುತ್ತದೆ. ಕೋನ ಬದಲಿಸಿ ಇನ್ನೊಂದು ಎಕ್ಸ್‌ರೇ ತೆಗೆದರೆ ಆ ರಂಧ್ರ ಬೇರಿನಿಂದ ದೂರ ಸರಿಯುತ್ತದೆ. ನಿಜವಾದ ಸೋಂಕು ಬೇರಿಗೇ ಅಂಟಿಕೊಂಡಿರುತ್ತದೆ.

ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ತಣ್ಣಗಿನ ಪರೀಕ್ಷೆ ಮಾಡಿದ್ದೀರಾ, ಬೇರಿನ ತುದಿ ಪೂರ್ತಿ ಕಾಣುವ ಎಕ್ಸ್‌ರೇ ತೆಗೆದಿದ್ದೀರಾ? ಹಲ್ಲು ಕಚ್ಚಿಸಿ ತೆಗೆಯುವ ಬೈಟ್‌ವಿಂಗ್ ಹುಳುಕು ನೋಡಲು ಒಳ್ಳೆಯದು, ಅದರಲ್ಲಿ ಬೇರಿನ ತುದಿ ಸಿಗುವುದಿಲ್ಲ. ಇಷ್ಟು ಪರೀಕ್ಷೆಗೆ ಒಂದೆರಡು ವಾರ ತಡವಾದರೂ ಪರವಾಗಿಲ್ಲ. ಆದರೆ ಮುಖ ಅಥವಾ ದವಡೆಯ ಕೆಳಗೆ ಊತ, ಜ್ವರ, ಬಾಯಿ ತೆರೆಯಲು ಕಷ್ಟ ಇದ್ದರೆ ಕಾಯಬೇಡಿ, ಅದೇ ದಿನ ತೋರಿಸಿ. ನುಂಗಲು ಇಲ್ಲವೇ ಉಸಿರಾಡಲು ತೊಂದರೆಯಾದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ರೂಟ್ ಕೆನಾಲ್ ಆದ ಮೇಲೂ ಆ ಕಪ್ಪು ತಕ್ಷಣ ಹೋಗುವುದಿಲ್ಲ. ಮೂಳೆ ತುಂಬಿಕೊಳ್ಳಲು ತಿಂಗಳುಗಳು ಬೇಕು, ಕೆಲವರಿಗೆ 4 ವರ್ಷವೂ ಹಿಡಿಯುತ್ತದೆ. ವರ್ಷದ ನಂತರದ ಎಕ್ಸ್‌ರೇಯಲ್ಲಿ ಕಪ್ಪು ಚಿಕ್ಕದಾಗಿದ್ದರೆ ವಾಸಿಯಾಗುತ್ತಿದೆ ಅಂತ ಅರ್ಥ. ದೊಡ್ಡದಾಗಿದ್ದರೆ ಆ ಹಲ್ಲನ್ನು ಮತ್ತೆ ನೋಡಬೇಕಾಗುತ್ತದೆ.