ಡರ್ಬಿನ್-ವಾಟ್ಸನ್ ಸಂಖ್ಯೆ ಸಣ್ಣದಾದರೆ ತಪ್ಪು ಎಲ್ಲಿದೆ?

1926ರಲ್ಲಿ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ ಒಂದು ವಿಚಿತ್ರ ಲೆಕ್ಕ ತೋರಿಸಿದರು. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾವಿನ ಪ್ರಮಾಣ ಇಳಿಯುತ್ತಿತ್ತು. ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ನಡೆಯುವ ಮದುವೆಗಳ ಪಾಲೂ ಇಳಿಯುತ್ತಿತ್ತು. ಇವೆರಡರ ನಡುವಿನ ಸಹಸಂಬಂಧ 0.95! ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ, ಅಲ್ವಾ? ಆದರೆ ಎರಡೂ ಸರಣಿಗಳಲ್ಲಿ ಈ ವರ್ಷದ ಬೆಲೆ ಹೋದ ವರ್ಷದ್ದಕ್ಕೆ ಅಂಟಿಕೊಂಡಿತ್ತು.

ಒಂದು ಚರದಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕವಾದ ರಿಗ್ರೆಶನ್‌ನಲ್ಲಿ ಈ ಅಂಟು ಉಳಿಕೆಗಳಲ್ಲಿ, ಅಂದರೆ ನಿಜ ಬೆಲೆಗೂ ಅಂದಾಜಿಗೂ ಇರುವ ವ್ಯತ್ಯಾಸಗಳಲ್ಲಿ ಕಾಣಿಸುತ್ತದೆ. ಅದನ್ನು ಅಳೆಯುವ ದಾರಿಯನ್ನು ಡರ್ಬಿನ್ ಮತ್ತು ವಾಟ್ಸನ್ 1950–51ರಲ್ಲಿ ಕೊಟ್ಟರು. ಪಕ್ಕಪಕ್ಕದ ಉಳಿಕೆಗಳ ವ್ಯತ್ಯಾಸದ ವರ್ಗಗಳನ್ನು ಕೂಡಿ, ಉಳಿಕೆಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು, ಅಷ್ಟೇ.

ಮಾಡಿ ನೋಡೋಣ. ಉಳಿಕೆಗಳು 2, 3, 2, 1, −1, −2, −3, −2 ಎಂದುಕೊಳ್ಳಿ. ವ್ಯತ್ಯಾಸಗಳ ವರ್ಗಗಳ ಮೊತ್ತ 10, ಉಳಿಕೆಗಳ ವರ್ಗಗಳ ಮೊತ್ತ 36. ಉತ್ತರ 0.28. ಇವೇ ಎಂಟು ಸಂಖ್ಯೆಗಳನ್ನು 2, −2, 3, −3, 2, −1, 1, −2 ಎಂದು ಜೋಡಿಸಿದರೆ ವ್ಯತ್ಯಾಸಗಳ ವರ್ಗಗಳ ಮೊತ್ತ 124, ಉತ್ತರ 3.44. ಸಂಖ್ಯೆಗಳು ಬದಲಾಗಲಿಲ್ಲ, ಸಾಲು ಮಾತ್ರ ಬದಲಾಯಿತು. ಅಂಟು ಇಲ್ಲದಿದ್ದರೆ ಉತ್ತರ 2ರ ಸುತ್ತಮುತ್ತ ಇರುತ್ತದೆ.

ಸಣ್ಣ ಸಂಖ್ಯೆ ಬಂದರೆ ಏನರ್ಥ? ಮೊದಲು ಇದನ್ನು ದೋಷಪದದ, ಅಂದರೆ ಮಾದರಿ ವಿವರಿಸದೆ ಬಿಟ್ಟ ಭಾಗದ, ಕಾಯಿಲೆ ಎಂದೇ ನೋಡಲಾಗುತ್ತಿತ್ತು. ಅದಕ್ಕೆ ಕಾಕ್ರೇನ್ ಮತ್ತು ಆರ್ಕಟ್ 1949ರಲ್ಲೇ ಮದ್ದು ಕೊಟ್ಟಿದ್ದರು: ಹಿಂದಿನ ಅವಧಿಯ ಬೆಲೆಯ ಒಂದು ಪಾಲನ್ನು ಕಳೆದು ಮತ್ತೆ ರಿಗ್ರೆಶನ್ ಮಾಡುವುದು. ಮಾದರಿ ಸರಿಯಿದ್ದಾಗ ಅದು ನಡೆಯುತ್ತದೆ. ಆಗ ಗುಣಾಂಕ, ಅಂದರೆ ಚರದ ಪ್ರಭಾವದ ಅಂದಾಜು, ಸರಾಸರಿಯಲ್ಲಿ ಸರಿಯೇ. ಸುಳ್ಳು ಹೇಳುವುದು ಆ ಅಂದಾಜು ಎಷ್ಟು ಅಲುಗಾಡಬಹುದು ಎಂದು ತಿಳಿಸುವ ಸ್ಟ್ಯಾಂಡರ್ಡ್ ಎರರ್. ದೋಷಕ್ಕೂ ವಿವರಿಸುವ ಚರಕ್ಕೂ ಹಿಂದಿನ ಅವಧಿಯೊಂದಿಗೆ 0.8ರಷ್ಟು ನಂಟಿದ್ದರೆ, ದೊಡ್ಡ ಸರಣಿಯಲ್ಲಿ ನಿಜವಾದ ಎರರ್ ನಿಮಗೆ ಕಾಣುವುದರ ಎರಡು ಪಟ್ಟಿಗಿಂತ ಜಾಸ್ತಿ.

ಆದರೆ ಮಾದರಿಯೇ ತಪ್ಪಿದ್ದರೆ? 1974ರಲ್ಲಿ ಗ್ರೇಂಜರ್ ಮತ್ತು ನ್ಯೂಬೋಲ್ಡ್, ಪರಸ್ಪರ ಸಂಬಂಧವೇ ಇಲ್ಲದ ಅಲೆದಾಡುವ ಸರಣಿಗಳ ಜೋಡಿಗಳನ್ನು ಸೃಷ್ಟಿಸಿ ರಿಗ್ರೆಶನ್ ಮಾಡಿದರು. ಸುಮಾರು ನಾಲ್ಕರಲ್ಲಿ ಮೂರು ಸಲ ‘ಸಂಬಂಧವಿದೆ’ ಎಂದೇ ಬಂತು. ಅವರು ಕೊಟ್ಟ ಎಚ್ಚರಿಕೆ ನನಗೆ ತುಂಬಾ ಇಷ್ಟ: ಮಾದರಿ ಎಷ್ಟು ಪಾಲು ಏರಿಳಿತವನ್ನು ವಿವರಿಸುತ್ತದೆ ಎಂದು ಹೇಳುವ R² ಡರ್ಬಿನ್-ವಾಟ್ಸನ್‌ಗಿಂತ ದೊಡ್ಡದಾದರೆ ಫಲಿತಾಂಶವನ್ನು ಅನುಮಾನಿಸಿ. ಇಂಥಲ್ಲಿ ಸ್ಟ್ಯಾಂಡರ್ಡ್ ಎರರ್ ಸುಮ್ನೆ ತಿದ್ದಿದರೆ ಸಾಲದು. ಬಿಟ್ಟುಹೋದ ಚರ ಯಾವುದು, ಸರಣಿಯ ಸರಾಸರಿ, ಏರಿಳಿತಗಳು ಕಾಲದೊಂದಿಗೆ ಬದಲಾಗದೆ ಸ್ಥಿರವಾಗಿವೆಯೇ ಎಂದು ಹುಡುಕಬೇಕು.

ಪರೀಕ್ಷೆಗೂ ಒಂದು ಕುರುಡುತನ ಇದೆ. ಅವಲಂಬಿತ ಚರದ, ಅಂದರೆ ನಾವು ಅಂದಾಜಿಸುತ್ತಿರುವ ಚರದ, ಹಿಂದಿನ ಬೆಲೆಯನ್ನೇ ಸಮೀಕರಣದ ಬಲಗಡೆ ಹಾಕಿದರೆ ಉತ್ತರ 2ರ ಕಡೆಗೆ ವಾಲುತ್ತದೆ, ಅಂಟು ಅಡಗಿಬಿಡುತ್ತದೆ. ಕೆಡುಕೆಂದರೆ, ಅಂಟಿದ್ದರೆ ಇಲ್ಲಿ ಗುಣಾಂಕವೂ ದಾರಿ ತಪ್ಪುತ್ತದೆ. ಅದಕ್ಕೇ ಇಂಥ ಮಾದರಿಗೆ ಬ್ರಾಯ್ಶ್ ಮತ್ತು ಗಾಡ್‌ಫ್ರೇ 1978ರಲ್ಲಿ ಬೇರೆಬೇರೆಯಾಗಿ ಕೊಟ್ಟ ಪರೀಕ್ಷೆಯನ್ನು ಬಳಸುತ್ತಾರೆ. ಅಲ್ಲಿ ಉಳಿಕೆಯನ್ನು ಅದರದೇ ಹಿಂದಿನ ಉಳಿಕೆಗಳ ಜೊತೆ, ಮೂಲ ಚರಗಳನ್ನೂ ಇಟ್ಟುಕೊಂಡು, ಮತ್ತೊಮ್ಮೆ ರಿಗ್ರೆಶನ್ ಮಾಡುತ್ತಾರೆ. ತಿಂಗಳ ಅಂಕಿಅಂಶವಾದರೆ 12 ಅವಧಿ ಹಿಂದಕ್ಕೂ ನೋಡಬಹುದು. ಡರ್ಬಿನ್-ವಾಟ್ಸನ್ ಕಣ್ಣು ಒಂದೇ ಹೆಜ್ಜೆ ಹಿಂದಕ್ಕೆ.