ಬ್ಯಾಟರಿ ಆರೋಗ್ಯ 79% ತೋರಿಸಿದರೆ ಬದಲಿಸಬೇಕಾದದ್ದು ಬ್ಯಾಟರಿಯೋ, ಫೋನೋ?

ಓದುಗರ ಪ್ರಶ್ನೆ: ನಾಪೋಕ್ಲು ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. 2021ರಲ್ಲಿ ಕೊಂಡ ಐಫೋನ್ 11 ಬಳಸುತ್ತಿದ್ದೇನೆ. ಬ್ಯಾಟರಿ ಆರೋಗ್ಯ 79% ಎಂದು ತೋರಿಸುತ್ತಿದೆ. ಬೆಳಿಗ್ಗೆ ಕೆಲಸಗಾರರ ಹಾಜರಿ ತೆಗೆದುಕೊಳ್ಳುವ ಹೊತ್ತಿಗೆ 30% ಚಾರ್ಜ್ ಇದ್ದರೂ ಫೋನ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಇತ್ತೀಚೆಗೆ ನಿಧಾನವೂ ಆಗಿದೆ. ಮಡಿಕೇರಿಯ ಅಂಗಡಿಯವರು 2,500 ರೂಪಾಯಿಗೆ ಬ್ಯಾಟರಿ ಹಾಕಿಕೊಡುತ್ತಾರಂತೆ, ಮೈಸೂರಿನ ಅಧಿಕೃತ ಕೇಂದ್ರದವರು 7,000 ಹೇಳಿದ್ದಾರೆ. ಮಗ 25,000ಕ್ಕೆ ಹೊಸ ಫೋನೇ ತೆಗೆದುಕೊಳ್ಳಿ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ಬ್ಯಾಟರಿ ಬದಲಿಸಿ. ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು 79% ಎಂಬ ಅಂಕಿಯಲ್ಲ, 30% ಚಾರ್ಜ್ ಇರುವಾಗಲೇ ಫೋನ್ ಆಫ್ ಆಗುತ್ತದೆ ಎಂಬ ಮಾತು. ಇವೆರಡೂ ಒಂದೇ ಕಾಯಿಲೆಯ ಲಕ್ಷಣ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ.

ಆರೋಗ್ಯದ ಶೇಕಡಾವಾರು ಹೇಳುವುದು ಬ್ಯಾಟರಿಯಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನು ಮಾತ್ರ. ಐಫೋನ್ 11ರ ಬ್ಯಾಟರಿ ಹೊಸದಿದ್ದಾಗ 3,110 ಎಂಎಎಚ್. ಅದರ 79% ಎಂದರೆ ಸುಮಾರು 2,450. ಮೊದಲು ರಾತ್ರಿ ಹತ್ತರವರೆಗೆ ಬರುತ್ತಿದ್ದ ಚಾರ್ಜ್ ಈಗ ಸಂಜೆ ಆರು ಏಳಕ್ಕೇ ಮುಗಿಯಬಹುದು, ಅಷ್ಟೆ. ಆ ಅಂಕಿಯೂ ಫೋನಿನ ತಂತ್ರಾಂಶ ಹಾಕಿದ ಅಂದಾಜೇ ಹೊರತು ತಕ್ಕಡಿಯಲ್ಲಿ ತೂಗಿದ ಲೆಕ್ಕವಲ್ಲ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳ ಬ್ಯಾಟರಿಗಳನ್ನು 500 ಪೂರ್ಣ ಆವರ್ತನಗಳ ನಂತರವೂ 80% ಉಳಿಯುವಂತೆ ವಿನ್ಯಾಸ ಮಾಡಿದ್ದೇವೆ ಎಂದು ಆಪಲ್ ಹೇಳುತ್ತದೆ. ಐಫೋನ್ 15ರಿಂದ ಈ ಮಿತಿ 1,000 ಆವರ್ತನ. ಇವತ್ತು 60%, ನಾಳೆ 40% ಖರ್ಚಾದರೆ ಅದು ಒಂದು ಆವರ್ತನ. ಚಾರ್ಜರ್ ಚುಚ್ಚಿದ ಸಲವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. 80% ಎನ್ನುವುದು ಕಂಪನಿ ಎಳೆದುಕೊಂಡ ಗೆರೆ. ಗೆರೆ ದಾಟಿದ ದಿನವೇ ಬ್ಯಾಟರಿ ಸಾಯುವುದಿಲ್ಲ.

ಫೋನ್ ಆಫ್ ಆಗುವುದಕ್ಕೆ ಕಾರಣ ಬೇರೆ, ಅದು ಬ್ಯಾಟರಿಯ ಆಂತರಿಕ ರೋಧ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಇದನ್ನು ನೀವು ಕಂಡಿರುತ್ತೀರಿ: ಕೆರೆಯಲ್ಲಿ ನೀರು ಬೇಕಾದಷ್ಟಿದೆ, ಆದರೆ ಪೈಪಿನೊಳಗೆ ಪಾಚಿ, ಕೆಸರು ಕಟ್ಟಿಕೊಂಡಿದೆ. ಒಂದು ಜೆಟ್ ತಿರುಗಿಸಿದರೆ ನಡೆಯುತ್ತದೆ, ನಾಲ್ಕು ಒಟ್ಟಿಗೆ ತಿರುಗಿಸಿದರೆ ಒತ್ತಡವೇ ಇಲ್ಲ. ಬ್ಯಾಟರಿ ಹಳೆಯದಾದಂತೆ ಅದರೊಳಗಿನ ರೋಧವೂ ಹೀಗೆಯೇ ಏರುತ್ತದೆ. ಕ್ಯಾಮೆರಾ ತೆರೆದಾಗ, ಕರೆ ಬಂದಾಗ, ಭಾರೀ ಆ್ಯಪ್ ಎದ್ದಾಗ ಫೋನ್ ಕ್ಷಣಕಾಲ ಹೆಚ್ಚು ವಿದ್ಯುತ್ ಎಳೆಯುತ್ತದೆ. ತಿಳಿಯಲಿಕ್ಕಾಗಿ ಒಂದು ಲೆಕ್ಕ: ಎರಡು ಆಂಪಿಯರ್ ಎಳೆದಾಗ ರೋಧ 0.1 ಓಮ್ ಇದ್ದರೆ ವೋಲ್ಟೇಜ್ ಕುಸಿಯುವುದು 0.2 ಮಾತ್ರ, ರೋಧ 0.25ಕ್ಕೆ ಏರಿದರೆ ಕುಸಿತ 0.5. ಚಾರ್ಜ್ ಕಡಿಮೆ ಇರುವಾಗ ಬ್ಯಾಟರಿಯ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಅದರ ಮೇಲೆ ಈ ಕುಸಿತವೂ ಸೇರಿದರೆ ಫೋನಿನ ಚಿಪ್‌ಗಳಿಗೆ ಬೇಕಾದ ಕನಿಷ್ಠ ವೋಲ್ಟೇಜ್ ಸಿಗದೆ ಫೋನ್ ಆಫ್ ಆಗುತ್ತದೆ. ಚಾರ್ಜ್ ಒಳಗೇ ಇರುತ್ತದೆ, ಹೊರಗೆ ಬರಲಾಗುವುದಿಲ್ಲ.

ನಿಮಗೆ ಇದು ಬೆಳಿಗ್ಗೆಯೇ ಆಗುವುದರಲ್ಲೂ ಅರ್ಥವಿದೆ. ತಣ್ಣಗಾದಷ್ಟೂ ಲಿಥಿಯಂ ಬ್ಯಾಟರಿಯ ರೋಧ ಹೆಚ್ಚು. ನಮ್ಮ ಕಡೆಯ ಡಿಸೆಂಬರ್, ಜನವರಿಯ ಮುಂಜಾನೆಯ ಚಳಿ ಹೊಸ ಬ್ಯಾಟರಿಗೆ ಏನೂ ಮಾಡುವುದಿಲ್ಲ, ಹಳೆಯದನ್ನು ಬಯಲಿಗೆಳೆಯುತ್ತದೆ. ಆಫ್ ಆದ ಫೋನಿಗೆ ಚಾರ್ಜರ್ ಹಾಕಿ ನೋಡಿ. ಆನ್ ಆದ ಕೂಡಲೇ ಮತ್ತೆ 27 ಅಥವಾ 28% ತೋರಿಸಿದರೆ ಚಾರ್ಜ್ ಖಾಲಿಯಾಗಿರಲಿಲ್ಲ, ವೋಲ್ಟೇಜ್ ಕುಸಿದಿತ್ತು ಎಂದೇ ತಿಳಿಯಬಹುದು. 86% ಆರೋಗ್ಯ ತೋರಿಸುವ ಫೋನ್ ಹೀಗೆ ಆಫ್ ಆಗಬಹುದು, 77% ತೋರಿಸುವ ಫೋನ್ ನೆಮ್ಮದಿಯಾಗಿ ನಡೆಯಬಹುದು. ನಾನಾದರೆ ಅಂಕಿಗಿಂತ ಈ ನಡತೆಯನ್ನೇ ಹೆಚ್ಚು ನಂಬುತ್ತೇನೆ.

ಇನ್ನು ನಿಧಾನವಾಗುವ ವಿಷಯ. ಹೀಗೆ ಆಫ್ ಆಗುವುದನ್ನು ತಡೆಯಲು ತಂತ್ರಾಂಶವೇ ಪ್ರೊಸೆಸರ್‌ನ ವೇಗವನ್ನು ತಗ್ಗಿಸುತ್ತದೆ. 2017ರ ಜನವರಿಯ ಐಒಎಸ್ 10.2.1ರಲ್ಲಿ ಆಪಲ್ ಇದನ್ನು ಬಳಕೆದಾರರಿಗೆ ಸರಿಯಾಗಿ ತಿಳಿಸದೆಯೇ ಸೇರಿಸಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ವಿಷಯ ಹೊರಬಿದ್ದು ಕಂಪನಿ ಕ್ಷಮೆ ಕೇಳಬೇಕಾಯಿತು. ನೀವು ಈಗ ನೋಡುತ್ತಿರುವ ಬ್ಯಾಟರಿ ಆರೋಗ್ಯದ ಪುಟ 2018ರ ಐಒಎಸ್ 11.3ರಲ್ಲಿ ಬಂದದ್ದೇ ಆ ಗಲಾಟೆಯ ನಂತರ. ಅದೇ ಪುಟದಲ್ಲಿ ಶೇಕಡಾವಾರಿನ ಕೆಳಗೆ `Peak Performance Capability` ಎಂಬ ಭಾಗ ಇದ್ದರೆ ಓದಿ. ಅಲ್ಲಿ `unexpected shutdown`, `performance management` ಎಂಬ ಮಾತುಗಳು ಕಂಡರೆ ಫೋನ್ ಅನಿರೀಕ್ಷಿತವಾಗಿ ಆಫ್ ಆಗಿದೆ, ಆದ್ದರಿಂದ ವೇಗ ತಗ್ಗಿಸಲಾಗಿದೆ ಎಂದು ಫೋನೇ ಒಪ್ಪಿಕೊಂಡಂತೆ. ಹೊಸ ಬ್ಯಾಟರಿ ಹಾಕಿದರೆ ಆ ನಿಧಾನ ಹೋಗುತ್ತದೆ.

ಆದರೆ ಎಲ್ಲ ನಿಧಾನಕ್ಕೂ ಬ್ಯಾಟರಿಯೇ ಕಾರಣವಲ್ಲ. ಹಣ ಕೊಡುವ ಮೊದಲು ಎರಡು ವಿಷಯ ನೋಡಿ. ಒಂದು, ಸ್ಟೋರೇಜ್. 64 ಜಿಬಿ ಫೋನಿನಲ್ಲಿ ವಾಟ್ಸ್ಆ್ಯಪ್ ವಿಡಿಯೊಗಳೇ ತುಂಬಿ ಒಂದೆರಡು ಜಿಬಿ ಮಾತ್ರ ಉಳಿದಿದ್ದರೆ ಯಾವ ಬ್ಯಾಟರಿ ಹಾಕಿದರೂ ಫೋನ್ ತೆವಳುತ್ತದೆ. ಎರಡು, ಸಿಗ್ನಲ್. ತೋಟದ ತಗ್ಗಿನಲ್ಲಿ ಒಂದು ಕಡ್ಡಿ ಬಂದು ಹೋಗುವ ಕಡೆ ಫೋನ್ ಟವರ್ ಹುಡುಕುತ್ತ, ಹೆಚ್ಚು ಶಕ್ತಿಯಲ್ಲಿ ಸಂಕೇತ ಕಳಿಸುತ್ತ ಚಾರ್ಜ್ ತಿನ್ನುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್‌ಗಳೂ ಮಲಗಿದಾಗ ಇದು ಇನ್ನೂ ಹೆಚ್ಚು. ಪೇಟೆಗೆ ಹೋದ ದಿನ ಚಾರ್ಜ್ ಸಂಜೆವರೆಗೆ ಬಂದು, ತೋಟದಲ್ಲಿದ್ದ ದಿನ ಮಧ್ಯಾಹ್ನಕ್ಕೇ ಮುಗಿದರೆ ತಪ್ಪು ಬ್ಯಾಟರಿಯದ್ದಲ್ಲ. ಅಂಥ ಕಡೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಇದ್ದರೆ ಅದರಲ್ಲೇ ಕರೆ ಮಾಡುವುದು ಲೇಸು. ಹೊಸ ಫೋನ್ ಕೊಂಡರೂ ಆ ತಗ್ಗಿನಲ್ಲಿ ಇದೇ ಕಥೆ.

ಈಗ ನಿಮ್ಮ ಲೆಕ್ಕ. ಐಫೋನ್ 11 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. 2025ರ ಐಒಎಸ್ 26 ಅದಕ್ಕೆ ಸಿಕ್ಕಿದೆ. ನಿಮ್ಮದಕ್ಕಿಂತ ಒಂದು ವರ್ಷ ಮೊದಲು, 2018ರಲ್ಲಿ ಬಂದ ಐಫೋನ್ ಎಕ್ಸ್‌ಆರ್‌ಗೆ ಸಿಗಲಿಲ್ಲ. ಅಂದರೆ ನಿಮ್ಮದು ಸರತಿಯ ತುದಿಯಲ್ಲಿದೆ. ಆದರೆ ಹೊಸ ಆವೃತ್ತಿ ನಿಂತ ಕೂಡಲೇ ಆ್ಯಪ್‌ಗಳು ನಿಲ್ಲುವುದಿಲ್ಲ. ವಾಟ್ಸ್ಆ್ಯಪ್ 2025ರ ಮೇ ತಿಂಗಳಲ್ಲಿ ಕೈಬಿಟ್ಟದ್ದು ಐಒಎಸ್ 15.1ಕ್ಕಿಂತ ಹಳೆಯದನ್ನು, ಆ ಪಟ್ಟಿಯಲ್ಲಿ ಹೊರಬಿದ್ದದ್ದು 2014ರ ಐಫೋನ್ 6ರಂಥ ಫೋನುಗಳು. ಹಾಜರಿ, ವಾಟ್ಸ್ಆ್ಯಪ್, ಯುಪಿಐ ಪಾವತಿ ಇಷ್ಟಕ್ಕೇ ಬಳಸುವ ನಿಮಗೆ ಈ ಫೋನ್ ಇನ್ನೆರಡು ವರ್ಷ ಬಂದೀತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 7,000 ರೂಪಾಯಿಯನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 290. 25,000ದ ಹೊಸ ಫೋನ್ ನಾಲ್ಕು ವರ್ಷ ಬಂದರೂ ತಿಂಗಳಿಗೆ 520. ಪರದೆ ಒಡೆದಿದ್ದರೆ, ಚಾರ್ಜಿಂಗ್ ಜಾಗ ಸಡಿಲವಾಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಬ್ಯಾಟರಿಯ ಜೊತೆ ಇನ್ನೊಂದು ದೊಡ್ಡ ರಿಪೇರಿ ಸೇರಿತೆಂದರೆ ಮಗನ ಮಾತೇ ಸರಿ.

2,500ರ ಬ್ಯಾಟರಿಯೋ 7,000ದ್ದೋ? ಅಗ್ಗದ್ದು ಕೆಟ್ಟದ್ದೇ ಎಂದು ಹೇಳಲಾರೆ, ಒಳ್ಳೆಯ ಕೈಯ ರಿಪೇರಿಯವರು ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ಇದ್ದಾರೆ. ಆದರೆ ನೀವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲೇ ಓಡಾಡುವವರು. ಐಫೋನ್ 11ರ ನೀರು ತಡೆಯುವ ಗುಣ ನಿಂತಿರುವುದು ಪರದೆಯ ಅಂಚಿನ ಸುತ್ತ ಇರುವ ತೆಳ್ಳನೆಯ ಅಂಟುಪಟ್ಟಿಯ ಮೇಲೆ. ಬ್ಯಾಟರಿಗಾಗಿ ಪರದೆ ಎಬ್ಬಿಸಿದಾಗ ಅದು ಹರಿಯುತ್ತದೆ. ಹೊಸ ಪಟ್ಟಿ ಹಾಕದೆ ಮುಚ್ಚಿಬಿಟ್ಟರೆ ಮೊದಲ ಮಳೆಗಾಲದಲ್ಲೇ ತೇವ ಒಳಗೆ ಇಳಿಯುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯಲ್ಲ: "ಪರದೆಯ ಅಂಟುಪಟ್ಟಿ ಹೊಸದು ಹಾಕುತ್ತೀರಾ? ಬ್ಯಾಟರಿಗೆ ಎಷ್ಟು ತಿಂಗಳ ಗ್ಯಾರಂಟಿ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?" ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಮೈಸೂರಿಗೇ ಹೋಗಿ. ಹೊರಗಿನ ಬ್ಯಾಟರಿ ಹಾಕಿದರೆ ಅದು ಅಸಲಿ ಎಂದು ಖಚಿತಪಡಿಸಲಾಗಲಿಲ್ಲ ಎಂಬ ಸಂದೇಶವನ್ನೂ ಫೋನ್ ತೋರಿಸುತ್ತದೆ. ಅದರಿಂದ ಗಾಬರಿಯಾಗಬೇಕಿಲ್ಲ, ಆದರೆ ಮುಂದೆ ಅಲ್ಲಿ ಕಾಣುವ ಆರೋಗ್ಯದ ಅಂಕಿಯನ್ನು ನೆಚ್ಚಿಕೊಳ್ಳಬೇಡಿ.

ಆಂಡ್ರಾಯ್ಡ್ ಬಳಸುವವರಿಗೆ ಒಂದು ಮಾತು. `*#*#4636#*#*` ಒತ್ತಿ, ಅಲ್ಲಿ ಬ್ಯಾಟರಿ `Good` ಎಂದಿದೆ ಎಂದು ಸಮಾಧಾನಪಡುವವರು ಬಹಳ. ಆ ಪದದ ಅರ್ಥ ಬ್ಯಾಟರಿ ಅತಿಯಾಗಿ ಬಿಸಿಯಾಗಿಲ್ಲ, ಕೆಟ್ಟು ನಿಂತಿಲ್ಲ ಎಂದಷ್ಟೇ. ಎಷ್ಟು ಹಿಡಿಸುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿಯೂ ಮೇಲೆ ಹೇಳಿದ ಚಾರ್ಜರ್ ಪರೀಕ್ಷೆಯನ್ನೇ ಮಾಡಿ.

ಯಾವ ಫೋನೇ ಆಗಲಿ, ಪರದೆ ಒಂದು ಅಂಚಿನಲ್ಲಿ ಮೇಲೆದ್ದಿದ್ದರೆ ಅಥವಾ ಮೇಜಿನ ಮೇಲೆ ಮಲಗಿಸಿದಾಗ ಬೆನ್ನು ಓಲಾಡಿದರೆ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿರಿ. ಆಗ ಶೇಕಡಾವಾರು ನೋಡುತ್ತ ಕೂರಬೇಡಿ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಆಫ್ ಮಾಡಿ, ಒತ್ತದೆ ಚುಚ್ಚದೆ ಆ ದಿನವೇ ರಿಪೇರಿಗೆ ಒಯ್ಯಿರಿ.

ಕೊಡುವ ಮೊದಲು ಫೋನಿನಲ್ಲಿರುವುದನ್ನೆಲ್ಲ ಬ್ಯಾಕಪ್ ಮಾಡಿಕೊಳ್ಳಿ. ಹೊಸ ಬ್ಯಾಟರಿ ಬಂದ ಮೇಲೆ ಮೊದಲ ವಾರದಲ್ಲೇ ಒಮ್ಮೆ 20%ವರೆಗೆ ಇಳಿಯಲು ಬಿಟ್ಟು, ಮುಂಜಾನೆಯ ಚಳಿಯಲ್ಲಿ ಕ್ಯಾಮೆರಾ ತೆರೆದು ವಿಡಿಯೊ ತೆಗೆದು ನೋಡಿ. ಆಗಲೂ ಆಫ್ ಆದರೆ ಹಾಕಿದ ಬ್ಯಾಟರಿಯೇ ಕಳಪೆ, ಇಲ್ಲವೇ ತೊಂದರೆ ಬೋರ್ಡಿನಲ್ಲಿದೆ. ಬಿಲ್ಲು ಹಿಡಿದು ಗ್ಯಾರಂಟಿ ಮುಗಿಯುವ ಮೊದಲೇ ವಾಪಸ್ ಹೋಗಿ.